ಹನ್ನೊಂದನೇ ಠರಾವು

ಗಂಗಾವತಿಯ ಹಳೇ ಓಣಿಯೊಂದರಲ್ಲಿ ಶಿವಬಸಮ್ಮನ ಹಿಟ್ಟಿನ ಗಿರಣಿ ಶುರುವಾಯಿತೆಂದರೆ ಅಕ್ಕಪಕ್ಕದವರು ಜಗಳವನ್ನೂ ಮುಂದಕ್ಕೆ ಹಾಕುತ್ತಿದ್ದರು, ಯಾರು ಏನು ಬೈದರೆಂದು ಕೇಳಿಸುವಂತಿರಲಿಲ್ಲ. ತಳಕಲ್ಲಿನಲ್ಲಿ ಹುಟ್ಟಿ ಏಳನೇ ಇಯತ್ತೆಯವರೆಗೆ ಓದಿದ ಹೆಂಗಸು. ಗಂಡ ವಿರೂಪಾಕ್ಷಪ್ಪ ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ಲೆಕ್ಕದ ಗುಮಾಸ್ತ. ಆತ ದಿನಾ ಬಸ್ಸು ಹತ್ತಿ ಹೋಗಿ ಸರಕಾರದ ಕಾಗದ ತಿರುವುತ್ತಿದ್ದ, ಈಕೆ ಮನೆಯ ಮುಂದಿನ ಎರಡು ಖೋಲಿಯಲ್ಲಿ ಊರಿನ ಜೋಳ ಬೀಸುತ್ತಿದ್ದಳು. ಕಾಳಿನಲ್ಲಿ ಒಂದು ಹರಳಿದ್ದರೆ ಮಾರುದೂರದಿಂದ ಕಂಡು ಹಿಡಿಯುವ ಕಣ್ಣು ಅವಳದು. ಕಾಗದ ಎದುರಿಗೆ ಬಂದರೆ ಮಾತ್ರ ಅದೇ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಕಾಗದ ಗಂಡನ ಕಸುಬು ಎಂದು ಅವಳು ಬಿಟ್ಟುಕೊಟ್ಟಿದ್ದಳು, ಆತನೂ ಖುಷಿಯಿಂದ ತೆಗೆದುಕೊಂಡಿದ್ದ.

೧೯೮೨ರಲ್ಲಿ ಹಳೇ ಕಲ್ಲು ತೆಗೆಸಿ ಹೊಸ ಮೋಟಾರು, ಖಾರ ಕುಟ್ಟುವ ಮಶೀನು ಹಾಕಿಸಲು ಊರಿನ ಸಹಕಾರಿ ಬ್ಯಾಂಕಿನಲ್ಲಿ ಅರವತ್ತು ಸಾವಿರ ಸಾಲ ಮಾಡಿದಳು. ಮನೆ ಅಡವಿಟ್ಟರು. ಮನೆಯ ಖರೀದಿ ಪತ್ರ ಬ್ಯಾಂಕಿನ ತಿಜೋರಿ ಸೇರಿದ ದಿನ ವಿರೂಪಾಕ್ಷಪ್ಪ ಊಟ ಬಿಟ್ಟ. ಜೀವಮಾನದಲ್ಲಿ ಕೈಗಡ ಕೂಡ ತೆಗೆದುಕೊಂಡವನಲ್ಲ. ನಿವೃತ್ತಿಯ ದುಡ್ಡು ಬಂದ ತಿಂಗಳೇ ಈ ಸಾಲ ತೀರಿಸುತ್ತೇನೆ, ಆ ಕಾಗದ ಮನೆಗೆ ಬರುವತನಕ ನನಗೆ ಈ ಮನೆ ಛತ್ರ ಇದ್ದಂತೆ ಎಂದು ಹೇಳಿದ. ಹೇಳಿದ್ದು ನಗುತ್ತಲೇ, ಆದರೆ ಹಾಗೇ ನಡೆದುಕೊಂಡ. ಮುಂದೆ ನಾಲ್ಕು ವರ್ಷ ಗೋಡೆಗೊಂದು ಮೊಳೆ ಹೊಡೆಯಲಿಲ್ಲ.

ಮೂರು ತಿಂಗಳಿಗೊಂದು ಕಂತು, ಎರಡೂವರೆ ಸಾವಿರ. ಶಿವಬಸಮ್ಮ ಹದಿನಾಲ್ಕು ಕಂತು ಕಟ್ಟಿದಳು. ಅದರಲ್ಲಿ ಎರಡು ಮಾತ್ರ ತಡವಾದವು: ೮೫ರ ಮಾರ್ಚಿನದು, ಜೂನಿನದು. ವಿರೂಪಾಕ್ಷಪ್ಪನಿಗೆ ಎದೆನೋವು ಬಂದು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮಲಗಿದ್ದ ಕಾಲ ಅದು. ಆಗಸ್ಟ್ ಹತ್ತಕ್ಕೆ ಎರಡನ್ನೂ ಒಟ್ಟಿಗೆ ಕಟ್ಟಿ ಬಂದಳು. ಆ ಡಿಸೆಂಬರಿಗೆ ಗಂಡ ನಿವೃತ್ತನಾದ, ಜನವರಿಗೆ ದುಡ್ಡು ಬಂತು. ಸಾಲವನ್ನು ಪೂರಾ ತೀರಿಸುತ್ತೇವೆ ಎಂದು ಒಂದು ತಿಂಗಳು ಮೊದಲೇ ಬರೆದುಕೊಟ್ಟು, ಫೆಬ್ರವರಿ ಇಪ್ಪತ್ತೆಂಟಕ್ಕೆ ಇಬ್ಬರೂ ಬ್ಯಾಂಕಿಗೆ ಹೋದರು. ವಿರೂಪಾಕ್ಷಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ, ಖರೀದಿ ಪತ್ರ ಇಟ್ಟುಕೊಳ್ಳಲು ಹೊಸ ಚೀಲ ಬೇರೆ ತಂದಿದ್ದ.

ಬ್ಯಾಂಕಿನ ಕಾರ್ಯದರ್ಶಿ ಕೊಟ್ರಬಸಪ್ಪ ಚಹಾ ತರಿಸಿದ. ಆಮೇಲೆ ಒಂದು ಚೀಟಿ ಮುಂದಿಟ್ಟ. ಅಸಲು ಇಪ್ಪತ್ತೈದು ಸಾವಿರ, ಅವತ್ತಿನವರೆಗಿನ ಬಡ್ಡಿ, ಸರಿ. ಅದರ ಕೆಳಗೆ ಇನ್ನೆರಡು ಸಾಲು. ಅವಧಿಗೆ ಮೊದಲೇ ಸಾಲ ಮುಗಿಸಿದ್ದಕ್ಕೆ ಮಂಜೂರಾದ ಸಾಲದ ಮೇಲೆ ನೂರಕ್ಕೆ ಮೂರರಂತೆ ಶುಲ್ಕ, ಸಾವಿರದ ಎಂಟುನೂರು. ದಂಡಬಡ್ಡಿ, ಐನೂರ ಐವತ್ತಾರು.

ಶಿವಬಸಮ್ಮನಿಗೆ ಮೊದಲು ತಿಳಿಯಲೇ ಇಲ್ಲ. ತಡ ಮಾಡಿದ್ದಕ್ಕೆ ದಂಡ ಎಂದರೆ ತಿಳಿಯುತ್ತದೆ, ಬೇಗ ಕೊಟ್ಟಿದ್ದಕ್ಕೂ ದಂಡವೇ? ಎರಡು ಸಾವಿರದ ಮುನ್ನೂರ ಐವತ್ತಾರು ರೂಪಾಯಿ! ಅಷ್ಟು ದುಡಿಯಲು ಆ ಗಿರಣಿ ಎಷ್ಟು ತಿಂಗಳು ತಿರುಗಬೇಕೆಂದು ಅವಳಿಗೇ ಗೊತ್ತು. ಪಕ್ಕದಲ್ಲಿ ಗಂಡನ ಮುಖ ನೋಡಿದಳು. ಆತ ಬಿಳಿಚಿಕೊಂಡು ಖಾಲಿ ಚೀಲವನ್ನು ಮಡಿಚುತ್ತಿದ್ದ.

ಕಾಗದ ಆತನ ಕಸುಬು ಎಂದೆನಲ್ಲ, ಆ ಕಸುಬು ಅವತ್ತು ಕೈ ಹಿಡಿಯಿತು. ಮನೆಗೆ ಬಂದವನೇ ಕಬ್ಬಿಣದ ಪೆಟ್ಟಿಗೆಯಿಂದ ೮೨ರ ಮಂಜೂರಾತಿ ಪತ್ರ ತೆಗೆದ. ಗಂಡಹೆಂಡತಿ ಪಡಸಾಲೆಯಲ್ಲಿ ಕೂತು ಓದಿದರು. ಆರನೇ ಷರತ್ತು: ಕಂತು ತಡವಾದರೆ ತಡವಾದ ಕಂತಿನ ಮೊತ್ತಕ್ಕೆ ಮಾತ್ರ, ತಡವಾದ ದಿನಗಳಿಗೆ ಮಾತ್ರ, ವರ್ಷಕ್ಕೆ ನೂರಕ್ಕೆ ಎರಡರಂತೆ ದಂಡಬಡ್ಡಿ. ಒಂಬತ್ತನೇ ಷರತ್ತು: ಒಂದು ತಿಂಗಳ ಲಿಖಿತ ಸೂಚನೆ ಕೊಟ್ಟು ಸಾಲಗಾರರು ಯಾವಾಗ ಬೇಕಾದರೂ ಪೂರ್ಣ ಸಾಲ ತೀರಿಸಬಹುದು, ಅದಕ್ಕೆ ಯಾವ ಶುಲ್ಕವೂ ಇಲ್ಲ. ವಿರೂಪಾಕ್ಷಪ್ಪ ಪೆನ್ಸಿಲು ಹಿಡಿದು ಎರಡು ಕಂತಿಗೂ ದಿನ ಎಣಿಸಿ ಲೆಕ್ಕ ಹಾಕಿದ. ಇಪ್ಪತ್ತಮೂರು ರೂಪಾಯಿ ಎಪ್ಪತ್ತು ಪೈಸೆ ಬಂತು. ಬ್ಯಾಂಕಿನವರು ಬಾಕಿ ಇದ್ದ ಅಸಲಿಗೆಲ್ಲ, ಅದೂ ತಪ್ಪಿದ ದಿನದಿಂದ ಸಾಲ ಮುಗಿಸುವ ದಿನದವರೆಗೂ, ದಂಡ ಜಡಿದಿದ್ದರು. ಕಂತು ಕಟ್ಟಿದ ಮೇಲೂ ದಂಡ ಓಡುತ್ತಲೇ ಇತ್ತು. ಇದು ಕಣ್ತಪ್ಪು ಎಂದು ಹೇಳುವವರ ಬಾಯಿಗೆ ಗಿರಣಿಯ ಹೊಟ್ಟು ತುಂಬಬೇಕು.

ಮಧ್ಯಾಹ್ನವೇ ಹಿಂತಿರುಗಿ ಅಸಲು, ಬಡ್ಡಿ, ಅದರ ಮೇಲೆ ಇಪ್ಪತ್ತಮೂರು ಎಪ್ಪತ್ತು ಕಟ್ಟಿ ರಸೀದಿ ಪಡೆದರು. ಉಳಿದದ್ದಕ್ಕೆ ನಮ್ಮ ತಕರಾರಿದೆ ಎಂದು ಬರೆದುಕೊಟ್ಟು, ಅದರ ನಕಲಿಗೆ ಮುದ್ರೆ ಒತ್ತಿಸಿಕೊಂಡರು. ಸಾಲದ ಬಡ್ಡಿ ಅಲ್ಲಿಗೆ ನಿಂತಿತು, ಖರೀದಿ ಪತ್ರ ಮಾತ್ರ ತಿಜೋರಿ ಬಿಡಲಿಲ್ಲ. ಬಾಕಿ ಕಟ್ಟುವವರೆಗೆ ಕಾಗದ ಕೊಡಲು ಬರುವುದಿಲ್ಲ ಎಂದ ಕೊಟ್ರಬಸಪ್ಪ. ಅಧ್ಯಕ್ಷರಿಗೆ ಅರ್ಜಿ ಕೊಟ್ಟರೆ, ೮೪ರ ಸರ್ವಸಾಧಾರಣ ಸಭೆಯ ಹನ್ನೊಂದನೇ ಠರಾವಿನಂತೆ ಆಕರಿಸಲಾಗಿದೆ ಎಂದು ಒಂದೇ ಸಾಲಿನ ಉತ್ತರ ಬಂತು.

ಅಲ್ಲಿಂದ ಮುಂದಿನದು ಕೊಪ್ಪಳದ ದಾರಿ. ಬ್ಯಾಂಕಿಗೂ ಸದಸ್ಯರಿಗೂ ಹುಟ್ಟಿದ ವ್ಯಾಜ್ಯವನ್ನು ಸಹಕಾರ ಸಂಘಗಳ ಸಹಾಯಕ ನಿಬಂಧಕರು ವಿಚಾರಣೆ ಮಾಡುತ್ತಾರೆ. ವಿರೂಪಾಕ್ಷಪ್ಪ ಮೂರು ಪುಟದ ದಾವೆ ಅರ್ಜಿ ಬರೆದ, ಶಿವಬಸಮ್ಮ ಸಹಿ ಹಾಕಿದಳು. ಈ ಸಲ ಓದಿ ಸಹಿ ಹಾಕಿದಳು, ಎರಡು ಕಡೆ ತಪ್ಪು ಹಿಡಿದಳು ಕೂಡ. ಗುಮಾಸ್ತನಿಗೆ ಸಿಟ್ಟು ಬಂತು, ತಿದ್ದಿದ.

ಎರಡನೇ ವಿಚಾರಣೆ ಆಗಸ್ಟಿನಲ್ಲಿ. ಗಂಡನಿಗೆ ಮೈಯಲ್ಲಿ ಸರಿಯಿರಲಿಲ್ಲವಾದ್ದರಿಂದ ಅವಳೊಬ್ಬಳೇ ಬಸ್ಸು ಹತ್ತಿದ್ದಳು. ಸಾಹೇಬರು ಮಂಜೂರಾತಿ ಪತ್ರ ಓದಿದರು, ಬ್ಯಾಂಕಿನ ಕಡತದಲ್ಲಿದ್ದ ಪ್ರತಿಯ ಜೊತೆ ತಾಳೆ ನೋಡಿದರು. ಎರಡೂ ಒಂದೇ ಇದ್ದವು. ಮತ್ತೇಕೆ ಹೀಗೆ ಆಕರಿಸಿದಿರಿ ಎಂದು ಕೇಳಿದಾಗ ಕೊಟ್ರಬಸಪ್ಪ ಗಡಿಬಿಡಿ ಮಾಡಲಿಲ್ಲ. ಸಭೆಯ ನಡಾವಳಿ ಪುಸ್ತಕ ತೆರೆದು ಮೇಜಿನ ಮೇಲೆ ತಿರುಗಿಸಿ ಇಟ್ಟ.

"ಸಾಹೇಬ್ರ, ಅಮ್ಮಾರಿಗೆ ಗೊತ್ತಿಲ್ಲದ್ದೇನೂ ನಾವು ಮಾಡಿಲ್ರಿ. ಠರಾವಿಗೆ ಅನುಮೋದನೆ ಕೊಟ್ಟವರು ಯಾರಂತ ನೀವೇ ಓದ್ರಿ."

ಸಾಹೇಬರು ಓದಿದರು. ಅನುಮೋದಕರು, ಶ್ರೀಮತಿ ಶಿವಬಸಮ್ಮ. ಕೆಳಗೆ ಅವಳದೇ ಸಹಿ, ಕೊನೆಯ ಅಕ್ಷರಕ್ಕೆ ಅವಳು ಎಳೆಯುವ ಉದ್ದ ಬಾಲದ ಸಮೇತ.

ಒಂದು ಗಳಿಗೆ ಅದು ತನ್ನ ಸಹಿಯಲ್ಲ ಎಂದು ಕೂಗಿಬಿಡಬೇಕು ಅನ್ನಿಸಿತು ಅವಳಿಗೆ. ಆದರೆ ಎಲ್ಲವೂ ನೆನಪಿಗೆ ಬಂತು. ಸೆಪ್ಟೆಂಬರಿನ ಸಭೆ, ಕಲ್ಯಾಣ ಮಂಟಪ, ಬಂದ ಸದಸ್ಯರಿಗೆಲ್ಲ ಒಂದು ಸ್ಟೀಲಿನ ಡಬ್ಬಿ, ಒಳಗಿಂದ ಬರುತ್ತಿದ್ದ ಮಿರ್ಚಿ ಕರಿಯುವ ವಾಸನೆ. ಠರಾವುಗಳನ್ನು ಓದಿದ್ದೇವೆಂದು ತಿಳಿಯೋಣವೇ ಎಂದು ವೇದಿಕೆಯಿಂದ ಕೇಳುತ್ತಿದ್ದರು, ಜನ ಚಪ್ಪಾಳೆ ತಟ್ಟುತ್ತಿದ್ದರು. ಪ್ರತಿ ವರ್ಷವೂ ಅದೇ ಪದ್ಧತಿ. ಪುಸ್ತಕದಲ್ಲಿ ಒಂದಾದರೂ ಹೆಣ್ಣುಮಕ್ಕಳ ಹೆಸರಿದ್ದರೆ ಶೋಭೆ ಎಂದು ಕೊಟ್ರಬಸಪ್ಪನೇ ಅವಳ ಕಡೆ ಬಂದು ಸಹಿ ಕೇಳಿದ್ದ. ಅವಳು ಸೆರಗು ಸರಿಮಾಡಿಕೊಂಡು ಹಾಕಿದ್ದಳು. ಮುಂದಿನ ವರ್ಷ ವಾರ್ಷಿಕ ವರದಿಯಲ್ಲಿ ಹೆಸರು ಅಚ್ಚಾದಾಗ ಓಣಿಯಲ್ಲಿ ನಾಲ್ಕು ಮನೆಗೆ ತೋರಿಸಿ ಬಂದಿದ್ದಳು. ತನ್ನ ಕೈಯಾರೆ ತನ್ನ ಮನೆಯ ಕಾಗದಕ್ಕೆ ಕೀಲಿ ಹಾಕಿ, ಅದನ್ನು ಮೆರೆಸಿಯೂ ಬಂದಿದ್ದಳು.

ನೀವೇ ಒಪ್ಪಿದ್ದೀರಲ್ಲ ಎಂದು ಸಾಹೇಬರು ಕೇಳಿದರು. ಅವಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ, ಗಂಡ ಪಕ್ಕದಲ್ಲಿರಲಿಲ್ಲ.

"ಸಹಿ ನಂದೇರಿ. ಓದದ ಮಾಡೀನ್ರಿ, ತಪ್ಪಾಗೇತಿ. ಆದ್ರ ನನ್ನ ಸಾಲದ ಕರಾರು ಬದಲ ಮಾಡ್ತೀವಂತ ನನಗೊಂದು ಕಾಗದ ಬಂದಿಲ್ರಿ. ನಾ ಬ್ಯಾರೆ ಕಾಗದಕ್ಕ ಸಹಿ ಕೊಟ್ಟಿಲ್ರಿ."

ಆದೇಶ ಸೆಪ್ಟೆಂಬರಿನಲ್ಲಿ ಬಂತು. ಠರಾವಿನಲ್ಲಿ ಹಳೇ ಸಾಲಗಳ ಮಾತೇ ಇಲ್ಲ. ಅದು ಅದರ ನಂತರ ಮಂಜೂರಾದ ಸಾಲಗಳಿಗೆ ಅನ್ವಯಿಸುತ್ತದೆ. ಸಭೆಯಲ್ಲಿ ಸದಸ್ಯೆಯಾಗಿ ಅನುಮೋದಿಸಿದ್ದು ಸಾಲಗಾರಳಾಗಿ ತನ್ನ ಕರಾರು ತಿದ್ದಿಕೊಳ್ಳಲು ಒಪ್ಪಿದಂತಾಗುವುದಿಲ್ಲ. ೮೨ರ ಷರತ್ತುಗಳೇ ಊರ್ಜಿತ, ಹದಿನೈದು ದಿನದೊಳಗೆ ಅಡವು ಬಿಡಿಸಿ ಮೂಲಪತ್ರ ಹಿಂದಿರುಗಿಸತಕ್ಕದ್ದು. ಮೇಲಿನ ಕೋರ್ಟಿಗೆ ಹೋಗುತ್ತೇವೆ ಎಂದು ಬ್ಯಾಂಕಿನವರು ಎರಡು ದಿನ ಗುರುಗುಟ್ಟಿದರು, ಹೋಗಲಿಲ್ಲ. ಖರೀದಿ ಪತ್ರ ಮನೆಗೆ ಬಂದ ದಿನ ವಿರೂಪಾಕ್ಷಪ್ಪ ಅದನ್ನು ಮೊದಲಿನಿಂದ ಕೊನೆಯವರೆಗೆ ಜೋರಾಗಿ ಓದಿದ. ಶಿವಬಸಮ್ಮ ಗಿರಣಿ ನಿಲ್ಲಿಸಿ ಕೇಳಿದಳು.

ಸುದ್ದಿ ಓಣಿಯೆಲ್ಲ ಹಬ್ಬಿತು. ಮರುದಿನ ಹತ್ತು ಗಂಟೆಗೆ ಗೌಸಬೀ ಬಂದಳು. ಎರಡು ಮನೆಯಾಚೆ ಇರುವ ವಿಧವೆ, ಜಾಕೀಟು, ಅಂದರೆ ರವಿಕೆ ಹೊಲಿದು ಜೀವನ ಮಾಡುವವಳು. ೮೪ರ ನವೆಂಬರಿನಲ್ಲಿ ಎರಡು ಹೊಲಿಗೆ ಯಂತ್ರಕ್ಕೆಂದು ಅದೇ ಬ್ಯಾಂಕಿನಲ್ಲಿ ಎಂಟು ಸಾವಿರ ತೆಗೆದಿದ್ದಳು. ತಮ್ಮ ಸೌದಿಯಿಂದ ದುಡ್ಡು ಕಳಿಸಿದ್ದ, ಸಾಲ ಮುಗಿಸಬೇಕು. ಶುಲ್ಕ ಅಂತ ಇನ್ನೂರ ನಲವತ್ತು ಕೇಳುತ್ತಾರೆ, ನಿನಗೆ ಬರೆದ ಹಾಗೆ ನನಗೂ ಒಂದು ಅರ್ಜಿ ಬರೆಸಿಕೊಡು ಎಂದು ತನ್ನ ಮಂಜೂರಾತಿ ಪತ್ರ ಕೈಗಿಟ್ಟಳು. ಐದು ರೂಪಾಯಿಗೊಂದು ಜಾಕೀಟು ಹೊಲಿಯುವವಳಿಗೆ ಇನ್ನೂರ ನಲವತ್ತು ಎಂದರೆ ನಲವತ್ತೆಂಟು ಜಾಕೀಟು.

ಶಿವಬಸಮ್ಮ ಹಿಟ್ಟಿನ ಕೈ ಒರೆಸಿಕೊಂಡು ಓದಿದಳು. ಒಂದೊಂದೇ ಅಕ್ಷರ ಓದಿದಳು. ಒಂಬತ್ತನೇ ಷರತ್ತಿನಲ್ಲಿ ನೂರಕ್ಕೆ ಮೂರು ಶುಲ್ಕ, ಹನ್ನೊಂದನೇ ಠರಾವಿನಂತೆ. ಕೆಳಗೆ ಒಪ್ಪಿದ್ದೇನೆ ಎಂದು ಗೌಸಬೀಯ ಹೆಬ್ಬೆಟ್ಟು. ಸಾಲ ಠರಾವಿನ ನಂತರದ್ದು, ಷರತ್ತು ಪತ್ರದಲ್ಲೇ ಇದೆ. ಕೊಪ್ಪಳದ ಆದೇಶ ತನ್ನನ್ನು ಉಳಿಸಿದ ಅದೇ ಮಾತಿನಿಂದ ಈಕೆಯನ್ನು ಕಟ್ಟಿಹಾಕಿತ್ತು. ಹೇಳದೆ ವಿಧಿಯಿರಲಿಲ್ಲ.

"ಗೌಸಬೀ, ಈ ಠರಾವಿಗೆ ಸಹಿ ಹಾಕಿದಾಕಿ ನಾನ. ಓದದ ಹಾಕೀನಿ."

ಗೌಸಬೀಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ. ಪತ್ರ ಹಿಂದಕ್ಕೆ ತೆಗೆದುಕೊಂಡು ಮಡಿಚಿದಳು.

"ಗೊತ್ತೈತಿ ಅಕ್ಕಾ. ಹೆಬ್ಬೆಟ್ಟು ಒತ್ತೂಮುಂದ ನಾ ಹಿಂದ ಸರದಿದ್ದೆ. ಕೊಟ್ರಬಸಪ್ಪನೋರು ಸಭಾದ ಪುಸ್ತಕ ತಗದು ನಿನ್ನ ಸಹಿ ತೋರಿಸಿದ್ರು. ಶಿವಬಸಮ್ಮಕ್ಕ ನೋಡದ ಸಹಿ ಮಾಡಾಕಿ ಅಲ್ಲ ಅಂತ ಒತ್ತಿದೆ."