ಮಾರ್ಚ್ ತಿಂಗಳ ಪಾಠಗಳು

ಹಿರಿಯೂರಿನ ಒಂದು ಖಾಸಗಿ ಕಾಲೇಜಿನಲ್ಲಿ ನಾನು ಕನ್ನಡದ ಅತಿಥಿ ಉಪನ್ಯಾಸಕಿಯಾಗಿ ಸೇರಿದಾಗ ಗಂಟೆಗೆ ಇನ್ನೂರು ರೂಪಾಯಿ ಕೊಡುತ್ತಿದ್ದರು. ನನ್ನ ಊರು ಬಾಗೂರು. ದಿನವೂ ಓಡಾಡಿದರೆ ಬಸ್ಸಿಗೇ ಸಂಬಳ ಹೋಗುತ್ತದೆಂದು ಹಿರಿಯೂರಿನಲ್ಲೇ ಒಂದು ಕೋಣೆ ಹಿಡಿದಿದ್ದೆ. ನನ್ನಂತೆಯೇ ಗಂಟೆ ಲೆಕ್ಕದ ಇನ್ನೊಬ್ಬರು ಕನ್ನಡ ವಿಭಾಗದಲ್ಲಿದ್ದರು. ಐಮಂಗಲದ ಕಡೆಯವರು, ಕುರಿ ಸಾಕುವ ಮನೆತನ. ವಯಸ್ಸು ಐವತ್ತರ ಹತ್ತಿರ. ಅಲ್ಲಿ ಹದಿನಾಲ್ಕು ವರ್ಷ ಪಾಠ ಮಾಡಿದ್ದರೂ ಪ್ರತಿ ವರ್ಷ ಹೊಸಬರಂತೆ ಅರ್ಜಿ ಹಾಕಬೇಕಿತ್ತು. ನಾನು ಅವರನ್ನು ಸರ್ ಎನ್ನುತ್ತಿದ್ದೆ. ಅವರು ನನ್ನನ್ನು ತಂಗಿ ಎನ್ನುತ್ತಿದ್ದರು.

ಮೊದಲ ವಾರವೇ ಅವರು ನನಗೆ ಹಾಜರಿ ಪುಸ್ತಕ ತೋರಿಸಿದರು. ದಿನಾಂಕ, ತರಗತಿ, ಎಷ್ಟನೇ ಪೀರಿಯಡ್, ಏನು ಪಾಠ, ಕೊನೆಗೆ ಸಹಿ. ತಿಂಗಳ ಕೊನೆಗೆ ವಿಭಾಗದ ಮುಖ್ಯಸ್ಥರು ಅದನ್ನು ನೋಡಿ ರುಜು ಹಾಕಿದರೆ ಬಿಲ್ಲು ಆಫೀಸಿಗೆ ಹೋಗುತ್ತಿತ್ತು.

"ಪೀರಿಯಡ್ ಮುಗಿದ ಕೂಡ್ಲೆ ಬರ್ದುಬಿಡು ತಂಗಿ. ನಾಳೆ ಬರಿತೀನಿ ಅಂದ್ರೆ ಮರ್ತು ಹೋಗ್ತೈತೆ. ಬರೀದಿದ್ದ ಪಾಠಕ್ಕೆ ಯಾರೂ ದುಡ್ಡು ಕೊಡಲ್ಲ," ಎಂದರು.

ರಜೆ ಇಲ್ಲದ ಮೊದಲ ತಿಂಗಳಲ್ಲಿ ನನಗೆ ಮೂವತ್ತೆಂಟು ಗಂಟೆ ಸಿಕ್ಕಿದ್ದವು. ಏಳು ಸಾವಿರದ ಆರುನೂರು ಎಂದು ನಾನು ಮನಸ್ಸಿನಲ್ಲೇ ಖರ್ಚು ಹಂಚಿಟ್ಟಿದ್ದೆ. ಬ್ಯಾಂಕಿಗೆ ಬಂದದ್ದು ಆರು ಸಾವಿರದ ಎಂಟುನೂರ ನಲವತ್ತು. ಗುಮಾಸ್ತರನ್ನು ಕೇಳಿದರೆ, ನೂರಕ್ಕೆ ಹತ್ತು ತೆರಿಗೆ ಹಿಡಿದಿದೆ ಎಂದರು. ತೆರಿಗೆ ಕಟ್ಟುವಷ್ಟು ವರಮಾನ ನನಗೆ ಎಲ್ಲಿಂದ ಬಂತು ಎಂದು ನಾನು ಸಿಟ್ಟಾದೆ. ಸರ್ ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ಸಮಾಧಾನ ಮಾಡಿದರು. ನಮ್ಮನ್ನು ಸಂಬಳದವರೆಂದು ಲೆಕ್ಕ ಹಿಡಿಯುವುದಿಲ್ಲ, ವಕೀಲರಿಗೋ ಡಾಕ್ಟರಿಗೋ ಫೀಸು ಕೊಟ್ಟಂತೆ ನಮಗೂ ಕೊಡುತ್ತಾರೆ, ಅದಕ್ಕೆ ಮೊದಲೇ ಹಿಡಿಯುತ್ತಾರೆ, ವರ್ಷದ ಲೆಕ್ಕ ಸಲ್ಲಿಸಿದರೆ ಪೂರ್ತಿ ವಾಪಸ್ ಬರುತ್ತದೆ ಎಂದು ಬಿಡಿಸಿ ಹೇಳಿದರು. ವರ್ಷ ಮುಗಿದ ಮೇಲಿನ ಜುಲೈಯಲ್ಲಿ ಸೈಬರ್ ಸೆಂಟರಿನಲ್ಲಿ ನನ್ನ ಪಕ್ಕ ಕುಳಿತು ಅರ್ಜಿ ತುಂಬಿಸಿದವರೂ ಅವರೇ. ಮಳೆಗಾಲ ಮುಗಿಯುವ ಮುಂಚೆ ಹಣ ಬಂತು.

ಏಪ್ರಿಲ್, ಮೇ ತಿಂಗಳುಗಳಲ್ಲಿ ಪಾಠವಿಲ್ಲ, ಹಾಗಾಗಿ ಬಿಲ್ಲೂ ಇಲ್ಲ. ಜೂನಿನಲ್ಲಿ ಕಾಲೇಜು ತೆರೆದರೂ ನಮ್ಮ ನೇಮಕದ ಪತ್ರ ಬರುವವರೆಗೆ ಮನೆಯಲ್ಲೇ ಕೂರಬೇಕು. ಆ ತಿಂಗಳುಗಳಲ್ಲಿ ನಾನು ಬಾಗೂರಿಗೆ ಹೋಗಿ ಟೈಲರಿಂಗ್ ಮಾಡುತ್ತಿದ್ದೆ. ಸರ್ ಅಣ್ಣನ ಕುರಿ ಹಿಂಡಿನ ಹಿಂದೆ ಹೋಗುತ್ತಿದ್ದರು. ಒಮ್ಮೆ ಹೆದ್ದಾರಿ ಬದಿಯಲ್ಲಿ ಕುರಿ ಹೊಡೆದುಕೊಂಡು ಹೋಗುವಾಗ ಅವರ ವಿದ್ಯಾರ್ಥಿಯೊಬ್ಬ ಬೈಕ್ ನಿಲ್ಲಿಸಿ ನಮಸ್ಕಾರ ಮಾಡಿದನಂತೆ. ಅದನ್ನು ಅವರು ನಗುತ್ತಲೇ ಹೇಳಿದ್ದರು.

ನಾನು ಸೇರಿದ ಮೂರನೇ ವರ್ಷದ ಫೆಬ್ರವರಿ ಕೊನೆಗೆ ಅವರಿಗೆ ಮೆಟ್ಟಿಲು ಹತ್ತುವಾಗ ಎದೆ ಹಿಡಿಯತೊಡಗಿತು. ಎರಡನೇ ಮಹಡಿಯ ತರಗತಿಗೆ ಹೋಗಿ ಐದು ನಿಮಿಷ ಕುರ್ಚಿಯಲ್ಲಿ ಕೂತು, ಆಮೇಲೆ ಪಾಠ ಶುರು ಮಾಡುತ್ತಿದ್ದರು. ಹಿರಿಯೂರಿನ ಡಾಕ್ಟರು ಚಿತ್ರದುರ್ಗಕ್ಕೆ ಹೋಗಿ ತೋರಿಸಿ, ತಡಮಾಡಬೇಡಿ ಎಂದು ಚೀಟಿ ಬರೆದುಕೊಟ್ಟಿದ್ದರು. ಆ ಚೀಟಿ ಅವರ ಜೇಬಿನಲ್ಲೇ ಇತ್ತು.

ನಾನು ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟು: "ಈಗ ಹೋಗಿ ಮಲಗಿದ್ರೆ ಮಾರ್ಚು ಪೂರ್ತಿ ಹೋಗ್ತೈತೆ ತಂಗಿ. ಅದಾದ ಮ್ಯಾಲೆ ಎರಡು ಮೂರು ತಿಂಗ್ಳು ಬರಿಗೈ. ಏಪ್ರಿಲ್‌ನಾಗೆ ಹೆಂಗೂ ಖಾಲಿ ಇರ್ತೀನಿ, ಆವಾಗ ಹೋದ್ರಾತು."

ನಾನು ಒಂದು ಉಪಾಯ ಹೇಳಿದೆ. ಅವರ ತರಗತಿಗಳಿಗೆ ನಾನು ಹೋಗುತ್ತೇನೆ, ಪುಸ್ತಕದಲ್ಲಿ ಸಹಿ ಅವರದೇ ಇರಲಿ. ಅವರು ಒಪ್ಪಲಿಲ್ಲ. ಎರಡು ದಿನ ಬೆನ್ನು ಹತ್ತಿದ ಮೇಲೆ ಒಪ್ಪಿದರು. ಒಂದು ವಾರ ಅವರು ಬಂದು ಸ್ಟಾಫ್ ರೂಮಿನಲ್ಲಿ ಕೂತರು, ಇಬ್ಬರ ಪಾಠವನ್ನೂ ನಾನೇ ಮಾಡಿದೆ. ಅದು ಪ್ರಾಂಶುಪಾಲರಿಗೆ ಗೊತ್ತಾಯಿತು. ಅವರು ಕೆಟ್ಟವರಲ್ಲ. ನಮ್ಮಿಬ್ಬರನ್ನೂ ಕೂರಿಸಿ, ಪಾಠ ಮಾಡಿದವರ ಹೆಸರಿಗೇ ಗಂಟೆ ಬರೆಯಬೇಕು, ಆಡಿಟ್‌ನಲ್ಲಿ ಸಿಕ್ಕಿದರೆ ಇಬ್ಬರ ಕೆಲಸವೂ ಹೋಗುತ್ತದೆ ಎಂದರು. ಆ ವಾರದ ಒಂಬತ್ತು ಗಂಟೆಗಳನ್ನು ಕೆಂಪು ಶಾಯಿಯಲ್ಲಿ ಹೊಡೆದು ನನ್ನ ಹೆಸರಿಗೆ ಬರೆಸಿದರು. ನಾನು ಆ ಹಣವನ್ನು ನಿಮಗೇ ಕೊಡುತ್ತೇನೆ ಎಂದರೆ ಸರ್ ಬೇಡವೆಂದು ತಲೆ ಅಲ್ಲಾಡಿಸಿಬಿಟ್ಟರು. ಮರುದಿನ ಮತ್ತೆ ಮೆಟ್ಟಿಲು ಹತ್ತಿದರು.

ನಾನು ಆಗ ಇನ್ನೂ ಹಟ ಮಾಡಬೇಕಿತ್ತು. ಅವರ ಹೆಂಡತಿಗಾದರೂ ಹೇಳಬೇಕಿತ್ತು. ಹೇಳಲಿಲ್ಲ. ನನ್ನ ಕೆಲಸ ಹೋದರೆ ಎನ್ನುವ ಭಯವೂ ಇತ್ತು, ಸುಳ್ಳೇಕೆ ಹೇಳಲಿ.

ಆಮೇಲೆ ಮಾರ್ಚ್ ಕೊನೆಯವರೆಗೆ ಅವರು ಒಂದು ಪಾಠವನ್ನೂ ತಪ್ಪಿಸಲಿಲ್ಲ. ಏಪ್ರಿಲ್ ಎರಡನೇ ವಾರ, ಚಿತ್ರದುರ್ಗಕ್ಕೆ ಹೋಗಲೆಂದು ಬೆಳಗ್ಗೆ ಸ್ನಾನ ಮಾಡಿ ಬಟ್ಟೆ ಹಾಕಿಕೊಳ್ಳುವಾಗ ಕುಸಿದರಂತೆ. ನನಗೆ ಸುದ್ದಿ ಮುಟ್ಟಿ ಬಾಗೂರಿನಿಂದ ಹೋಗುವಷ್ಟರಲ್ಲಿ ಮಣ್ಣು ಮಾಡಿ ಎಲ್ಲರೂ ಮನೆಗೆ ಬಂದಿದ್ದರು. ಕಾಲೇಜಿನಿಂದ ಜವಾನ ಒಬ್ಬನೇ ಬಂದಿದ್ದ. ಉಳಿದವರೆಲ್ಲ ರಜೆಯಲ್ಲಿದ್ದರು.

ಜೂನಿನಲ್ಲಿ ನಾನು ಹೊಸ ಅರ್ಜಿ ಕೊಡಲು ಹೋದ ದಿನವೇ ಅವರ ಹೆಂಡತಿ ಕಾಲೇಜಿಗೆ ಬಂದರು. ಏನಾದರೂ ಬರುತ್ತದೆಯೇ ಎಂದು ಕೇಳಲು. ಗುಮಾಸ್ತರು ಪುಸ್ತಕ ತೆರೆದು ನೋಡಿ, ಮಾರ್ಚಿನ ಬಿಲ್ಲು ಆಗಲೇ ಬ್ಯಾಂಕಿಗೆ ಹೋಗಿದೆ, ಗಂಟೆ ಲೆಕ್ಕದವರಿಗೆ ಪಿಂಚಣಿ, ಪಿ.ಎಫ್. ಏನೂ ಇಲ್ಲ ಎಂದರು. ಆಕೆ ಹೊರಡಲು ತಿರುಗಿದರು. ಆಗ ನನಗೆ ಆ ವರ್ಷ ಸರ್ ಹಣದಲ್ಲಿ ಹಿಡಿದ ತೆರಿಗೆ ನೆನಪಾಯಿತು. ವರ್ಷಕ್ಕೆ ಇನ್ನೂರ ಎಪ್ಪತ್ತು ಗಂಟೆ, ಐವತ್ತನಾಲ್ಕು ಸಾವಿರ. ಅದರಲ್ಲಿ ಐದು ಸಾವಿರದ ನಾನೂರು ಸರ್ಕಾರದ ಹತ್ತಿರ ಇತ್ತು.

ತೀರಿಕೊಂಡವರ ಲೆಕ್ಕವನ್ನು ವಾರಸುದಾರರು ಸಲ್ಲಿಸಬಹುದು. ಆದರೆ ಅದಕ್ಕೆ ಆಕೆಯ ಹೆಸರಿನಲ್ಲೂ ಪ್ಯಾನ್ ಕಾರ್ಡ್ ಬೇಕು. ಇರಲಿಲ್ಲ, ಮಾಡಿಸಿದೆವು. ಮರಣ ಪ್ರಮಾಣಪತ್ರ ತೆಗೆಸಿದೆವು. ವಾರಸುದಾರರ ಪತ್ರಕ್ಕೆ ಐಮಂಗಲದ ನಾಡಕಚೇರಿಗೆ ನಾಲ್ಕು ಸಲ ಹೋದೆವು. ಒಂದು ಸಲ ಅಲ್ಲಿನ ಬೆಂಚಿನ ಮೇಲೆ ಕೂತಿದ್ದಾಗ ಆಕೆ ಇದ್ದಕ್ಕಿದ್ದಂತೆ ಕೇಳಿದರು.

"ಮೇಡಂ, ಮಾರ್ಚ್‌ನಾಗೆ ಅವರಿಗೆ ಹುಷಾರಿರ್ಲಿಲ್ಲ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು ಅಕ್ಕ," ಎಂದೆ.

ಆಕೆ ಮಡಿಲಲ್ಲಿದ್ದ ಕಾಗದಗಳನ್ನು ಜೋಡಿಸಿಕೊಂಡರು. ಆಮೇಲೆ, "ನನಗೆ ಗೊತ್ತಿರ್ಲಿಲ್ಲ," ಎಂದು ಸೆರಗು ಸರಿಮಾಡಿಕೊಂಡು, ನಮ್ಮ ಹೆಸರು ಕೂಗಿದಾಗ ನನಗಿಂತ ಮುಂಚೆ ಎದ್ದರು.

ಜುಲೈ ಮುಗಿಯುವ ಮೊದಲು ಲೆಕ್ಕ ಸಲ್ಲಿಸಿದೆವು. ಹಣ ಅಕ್ಟೋಬರಿನಲ್ಲಿ ಬಂತು. ಆಕೆ ಫೋನ್ ಮಾಡಿ, ಬಂದೈತೆ ಮೇಡಂ ಎಂದಷ್ಟೇ ಹೇಳಿದರು. ನಾನು ಒಳ್ಳೆಯದಾಯಿತು ಅಕ್ಕ ಎಂದೆ. ಅದಾದ ಮೇಲೆ ಅವರು ಫೋನ್ ಮಾಡಲಿಲ್ಲ, ನನಗೂ ಮಾಡುವ ಧೈರ್ಯ ಬರಲಿಲ್ಲ.

ಆ ವರ್ಷ ಕನ್ನಡ ವಿಭಾಗಕ್ಕೆ ಹೊಸಬರನ್ನು ತೆಗೆದುಕೊಳ್ಳಲಿಲ್ಲ. ಅವರ ಗಂಟೆಗಳನ್ನೂ ನನಗೇ ಕೊಟ್ಟರು. ನಾನು ಬೇಡ ಎನ್ನಲಿಲ್ಲ. ಆಗಸ್ಟಿನ ಬಿಲ್ಲಿನಲ್ಲಿ ನನ್ನ ಹೆಸರಿನ ಮುಂದೆ ಎಪ್ಪತ್ತು ಗಂಟೆಗಳಿದ್ದವು. ಅಷ್ಟು ಹಣ ನಾನು ಅದುವರೆಗೆ ಒಂದೇ ತಿಂಗಳಲ್ಲಿ ನೋಡಿರಲಿಲ್ಲ. ಅಪ್ಪನಿಗೆ ಕನ್ನಡಕ ಮಾಡಿಸಿದೆ, ಕೋಣೆಯ ಬಾಡಿಗೆ ಬಾಕಿ ತೀರಿಸಿದೆ. ಅವೆಲ್ಲ ಬೇಕಾದ ಖರ್ಚುಗಳೇ. ಆದರೂ ಎರಡನೇ ಮಹಡಿಯ ಆ ತರಗತಿಯಲ್ಲಿ ಅದಾದ ಮೇಲೆ ನಾನು ಮೂರು ವರ್ಷ ಪಾಠ ಮಾಡಿದೆ, ಒಂದು ದಿನವೂ ಕುರ್ಚಿಯಲ್ಲಿ ಕೂರಲು ಆಗಲಿಲ್ಲ.