ಸಮಸ್ತ ನಿವಾಸಿಗಳ ಪರವಾಗಿ

ಆ ಕಾಲದಲ್ಲಿ ಭಾಂಡುಪಿನ ನಮ್ಮ ಚಾಳಿನ ಮಕ್ಕಳಿಗೆ ದೀಪಾವಳಿ ರಜೆ ಎಂದರೆ ಪಟಾಕಿಗಿಂತ ಮೊದಲು ಮಣ್ಣು. ಮುಂಬಯಿಯ ಮಕ್ಕಳು ದೀಪಾವಳಿಗೆ ಅಂಗಳದಲ್ಲಿ ಮಣ್ಣಿನ ಕಿಲ್ಲಾ ಕಟ್ಟುತ್ತಾರಲ್ಲ, ಆ ಹುಚ್ಚು ನಮಗೂ ಇತ್ತು. ಒಳಗೆ ಅಮ್ಮಂದಿರು ಚಕ್ಕುಲಿ ಒತ್ತುತ್ತಿದ್ದರೆ, ಆ ಎಣ್ಣೆಯ ವಾಸನೆ ಮೂಗಿಗೆ ಬಡಿಯುತ್ತಿದ್ದರೂ ನಾನೂ ಪಮ್ಮಿಯೂ ಡಬ್ಬ ಹಿಡಿದು ನೀರಿನ ಟಾಂಕಿಯ ಬುಡಕ್ಕೆ ಓಡುತ್ತಿದ್ದೆವು. ನಾಲ್ಕು ಸಿಮೆಂಟ್ ಕಂಬಗಳ ಮೇಲೆ ಕೂತಿದ್ದ ಆ ಟಾಂಕಿ ಸದಾ ಒಸರುತ್ತಿತ್ತು. ಅದರ ಕೆಳಗಿನ ಮಣ್ಣು ಒಳ್ಳೆ ಹದವಾಗಿ ನೆನೆದಿರುತ್ತಿತ್ತು. ಟಾಂಕಿ ಸೋರುವುದು ನಮಗೆ ಅನುಕೂಲವೇ ಆಗಿತ್ತು.

ಪಮ್ಮಿ ಎಂದರೆ ಪ್ರಮೀಳಾ, ನಮ್ಮ ಪಕ್ಕದ ಖೋಲಿಯವಳು. ನನಗೆ ಹನ್ನೊಂದು, ಅವಳಿಗೂ ಹನ್ನೊಂದು. ಅವಳ ಅಮ್ಮ ಗುಲಾಬಕ್ಕ ಉಡುಪಿ ಕಡೆಯವರು. ನಾವು ಮೈಸೂರಿನವರು, ನಮ್ಮಮ್ಮನಿಗೆ ಮಡಿ ಸ್ವಲ್ಪ ಜಾಸ್ತಿ. ಆದರೂ ಗುಲಾಬಕ್ಕ ನೀರುದೋಸೆ ಹೊಯ್ದ ದಿನ ನಾನು ಅವರ ಮನೆಯಲ್ಲೇ ಇರುತ್ತಿದ್ದೆ, ಅಮ್ಮ ಕಂಡೂ ಕಾಣದ ಹಾಗಿರುತ್ತಿದ್ದಳು. ಪಮ್ಮಿಯ ಅಪ್ಪ ಶೀನಣ್ಣ ಬೈಕುಲ್ಲಾದ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ಆ ಹೋಟೆಲು ಭಾಸ್ಕರಣ್ಣನದು. ಭಾಸ್ಕರಣ್ಣ ನಮ್ಮ ಚಾಳಿನ ಸಮಿತಿಯ ಅಧ್ಯಕ್ಷರೂ ಹೌದು. ಯಾರ ಮನೆಯ ಸಾವಿಗೂ ಮೊದಲು ಬರುತ್ತಿದ್ದವರು, ಯಾರ ಮಗುವಿಗೂ ಶಾಲೆಯಲ್ಲಿ ಸೀಟು ಕೊಡಿಸುತ್ತಿದ್ದವರು ಅವರೇ. ಅವರು ಕೆಟ್ಟವರು ಎಂದುಬಿಟ್ಟರೆ ಈ ಕಥೆ ಸಲೀಸು. ಆದರೆ ಕೆಟ್ಟವರಲ್ಲವಲ್ಲ, ಅದೇ ನನ್ನ ಸಂಕಟ.

ಸಮಿತಿಯ ಕಾರ್ಯದರ್ಶಿ ನಮ್ಮಪ್ಪ. ಕಂಪನಿಯೊಂದರಲ್ಲಿ ಗುಮಾಸ್ತ. ಆದರೆ ಚಾಳಿನವರೆಲ್ಲ ಅವರನ್ನು ಕರೆಯುತ್ತಿದ್ದದ್ದು ಮೇಷ್ಟ್ರು ಅಂತ. ಏಕೆಂದರೆ ಅಪ್ಪನ ಕನ್ನಡ ಅಷ್ಟು ಚೆಂದ. ಯಾವ ಸೂಚನೆಯಿದ್ದರೂ ಅಪ್ಪ ಕನ್ನಡದಲ್ಲಿ ಬರೆಯುವುದು, ಕೆಳಮಹಡಿಯ ಸಾವಂತ್ ಕಾಕಾ ಅದನ್ನು ಮರಾಠಿ ಮಾಡುವುದು, ಮೆಟ್ಟಿಲ ಕೆಳಗಿನ ಕಪ್ಪುಹಲಗೆಯ ಮೇಲೆ ನಾನು ಅದನ್ನು ಬರೆಯುವುದು, ಸಂಜೆ ಗಣಪತಿ ಹಬ್ಬಕ್ಕೆಂದು ಕೊಂಡ ಮೈಕಿನಲ್ಲಿ ಭಾಸ್ಕರಣ್ಣ ಓದುವುದು. ಎಲ್ಲ ಸೂಚನೆಯ ಕೊನೆಗೂ ಒಂದೇ ಸಾಲು: 'ಅಧ್ಯಕ್ಷರು, ಸಮಸ್ತ ನಿವಾಸಿಗಳ ಪರವಾಗಿ.' ಕಾಗದದ ಪ್ರತಿಗಳಲ್ಲಿ ಅದರ ಕೆಳಗೆ ಸಮಿತಿಯ ನೀಲಿ ಮೊಹರು. ಗಣಪತಿಯ ಆಮಂತ್ರಣವಿರಲಿ, ಕಸ ಎಲ್ಲಿ ಹಾಕಬೇಕು ಎಂಬ ಸೂಚನೆಯಿರಲಿ, ಆ ಸಾಲಿಲ್ಲದೆ ಹಲಗೆ ತುಂಬುತ್ತಿರಲಿಲ್ಲ.

ಆ ವರ್ಷ ಶ್ರಾವಣದಲ್ಲಿ ನಗರಪಾಲಿಕೆಯ ಇಂಜಿನಿಯರೊಬ್ಬ ಬಂದು ಟಾಂಕಿಯ ಕಂಬಗಳನ್ನು ಸುತ್ತಿಗೆಯಿಂದ ತಟ್ಟಿ ನೋಡಿದ. ಒಳಗಿನ ಕಬ್ಬಿಣ ತುಕ್ಕು ಹಿಡಿದಿದೆ, ತುಂಬಿಸಬೇಡಿ, ಕೆಡವಿಬಿಡಿ ಎಂದ. ಬರೆದು ಕಳಿಸುತ್ತೇನೆ ಅಂತಲೂ ಹೇಳಿ ಹೋದ, ಕಾಗದ ಬರಲಿಲ್ಲ. ಟಾಂಕಿ ಖಾಲಿ ಮಾಡಿದರೆ ನೀರಿಲ್ಲ, ಮುಂದೆ ಗಣಪತಿ ಹಬ್ಬ. ಸಮಿತಿ ಸೇರಿತು. ಸದ್ಯಕ್ಕೆ ಬಿರುಕಿಗೆ ಗಿಲಾವು ಮಾಡಿ ಬಣ್ಣ ಹೊಡೆಸೋಣ, ಕೆಡವುವುದು ದೀಪಾವಳಿ ಕಳೆದ ಮೇಲೆ ಎಂದು ತೀರ್ಮಾನವಾಯಿತು. ಎಲ್ಲರೂ ಕೈ ಎತ್ತಿದರು. ಠರಾವು ಬರೆದದ್ದು ಅಪ್ಪ, ಸಹಿಯೂ ಅಪ್ಪನದು. ಇಂಜಿನಿಯರ್ ಬಾಯಿಮಾತಲ್ಲಿ ಹೇಳಿದ್ದು ಅದರಲ್ಲಿ ಒಂದಕ್ಷರವೂ ಇರಲಿಲ್ಲ.

ಹೊಸ ಬಣ್ಣದ ಮೇಲೂ ನೀರು ಒಸರಿದ್ದನ್ನು ಮೊದಲು ಕಂಡವರು ಗುಲಾಬಕ್ಕ. ಕೊಡ ಸೊಂಟದಲ್ಲಿಟ್ಟುಕೊಂಡೇ ಭಾಸ್ಕರಣ್ಣನನ್ನು ಅಂಗಳದಲ್ಲಿ ತಡೆದು ನಿಲ್ಲಿಸಿದ್ದರು. ನಾವಿಬ್ಬರೂ ಅಲ್ಲೇ ಇದ್ದೆವು.

"ಅಣ್ಣ, ಈ ಕಂಬ ಬಾಯಿ ಬಿಟ್ಟಿದೆ ಮಾರಾಯ್ರೆ. ನಂಗೆ ಹೆದರಿಕೆ ಆಗ್ತದೆ."

"ಎಂತ ಮಾಡುದು ಗುಲಾಬಿ, ಹಬ್ಬ ಒಂದು ಕಳಿಲಿ. ನಂಗೆ ಗೊತ್ತುಂಟು."

ಹಬ್ಬ ಕಳೆಯಲಿಲ್ಲ. ನರಕ ಚತುರ್ದಶಿಯ ಬೆಳಿಗ್ಗೆ, ಎಣ್ಣೆ ನೀರಿನ ದಿನ, ಟಾಂಕಿಯ ಬುಡದ ನಲ್ಲಿಯ ಮುಂದೆ ಎಂದಿಗಿಂತ ದೊಡ್ಡ ಸಾಲಿತ್ತು. ಅಮ್ಮ ನನ್ನ ತಲೆಗೆ ಎಣ್ಣೆ ತಿಕ್ಕುತ್ತಿದ್ದಳು. ಲಾರಿ ಕಲ್ಲು ಸುರಿದಂತೆ ಸದ್ದಾಯಿತು, ಆಮೇಲೆ ನೀರು ನುಗ್ಗುವ ಸದ್ದು. ಹನ್ನೊಂದು ಜನ ಹೋದರು. ಹೆಚ್ಚಿನವರು ಹೆಂಗಸರು. ಗುಲಾಬಕ್ಕ ಹೋದರು. ಪಮ್ಮಿ ಬಕೆಟ್ ತರಲು ವಾಪಸು ಬಂದಿದ್ದಳು, ಉಳಿದಳು.

ಮರುದಿನ ಮಧ್ಯಾಹ್ನ ಭಾಸ್ಕರಣ್ಣ ನಮ್ಮ ಮನೆಗೆ ಬಂದರು. ಹಿಂದಿನ ದಿನದಿಂದ ಆಸ್ಪತ್ರೆ, ಪೊಲೀಸ್ ಠಾಣೆ, ಶವಾಗಾರ ಅಂತ ಸುತ್ತಿದ್ದರು. ಕಣ್ಣು ಕೆಂಡವಾಗಿದ್ದವು. "ಮೇಷ್ಟ್ರೆ, ಜನಕ್ಕೆ ನಾಲ್ಕು ಮಾತು ಹೇಳ್ಬೇಕು. ಒಬ್ಬೊಬ್ಬ ಒಂದೊಂದು ಹೇಳ್ತಾ ಇದ್ದಾನೆ. ಬರೀರಿ" ಎಂದು ಗೋಡೆಗೆ ಒರಗಿ ಕೂತರು.

ಅಪ್ಪ ಬರೆದರು. ಎಂಥ ಪತ್ರ ಅದು! ಮೊದಲು ಹೆಸರುಗಳು. "ಹನ್ನೊಂದು ಅಂತ ಲೆಕ್ಕ ಹೇಳಬಾರದು ಭಾಸ್ಕರಣ್ಣ, ಒಬ್ಬೊಬ್ಬರ ಹೆಸರೂ ಹೇಳಬೇಕು" ಎಂದರು. ಮನೆಯವರು ಗುರುತು ಹಿಡಿದವರ ಹೆಸರು ಮಾತ್ರ ಹಾಕಬೇಕು ಎಂದರು, ಇಬ್ಬರ ಗುರುತು ಇನ್ನೂ ಆಗಿರಲಿಲ್ಲ, ಅವರ ಜಾಗ ಖಾಲಿ ಬಿಟ್ಟರು. ದೊಡ್ಡವರು ಚಿಕ್ಕವರು ಎಂದಾಗಬಾರದು ಅಂತ ಅಕಾರಾದಿಯಲ್ಲಿ ಬರೆದರು. ಆಮೇಲೆ ಗಾಯಾಳುಗಳು ಯಾವ ಆಸ್ಪತ್ರೆಯ ಯಾವ ವಾರ್ಡಿನಲ್ಲಿದ್ದಾರೆ, ದೇಹಗಳು ಎಷ್ಟು ಗಂಟೆಗೆ ಮನೆಗೆ ಬರುತ್ತವೆ, ಮರಣಪತ್ರಕ್ಕೆ ರೇಷನ್ ಕಾರ್ಡ್ ತೆಗೆದಿಟ್ಟುಕೊಳ್ಳಿ, ನೀರಿನ ಟ್ಯಾಂಕರ್ ಬೆಳಿಗ್ಗೆ ಆರಕ್ಕೆ ಬರುತ್ತದೆ, ಮುರಿದ ಕಂಬಗಳ ಬಳಿ ಮಕ್ಕಳನ್ನು ಬಿಡಬೇಡಿ, ಯಾರ ಮನೆಯಲ್ಲೂ ಒಲೆ ಹಚ್ಚಬೇಡಿ, ಊಟ ಹೋಟೆಲಿನಿಂದ ಬರುತ್ತದೆ. ಕೊನೆಗೆ ಮೂರು ವಾಕ್ಯ ಬರೆದು ಅಪ್ಪ ಗಟ್ಟಿಯಾಗಿ ಓದಿದರು: "ಟಾಂಕಿ ಅಪಾಯದಲ್ಲಿದೆ ಎಂದು ನಮಗೆ ಮೊದಲೇ ತಿಳಿಸಲಾಗಿತ್ತು. ನಾವು ಹಬ್ಬ ಕಳೆಯಲಿ ಎಂದೆವು. ಈ ತಪ್ಪು ಸಮಿತಿಯದು."

ಬಾಗಿಲಲ್ಲಿ ನಾನೂ ಪಮ್ಮಿಯೂ ನಿಂತಿದ್ದೆವು. ಆ ಎರಡು ದಿನ ಪಮ್ಮಿ ನಮ್ಮ ಮನೆಯಲ್ಲೇ ಇದ್ದಳು. ಅವಳು ನನ್ನ ಕಿವಿಯಲ್ಲಿ, "ಅಮ್ಮ ಹೇಳಿದ್ದು ಬಂತು ನೋಡು" ಎಂದಳು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಅಮ್ಮನ ಮಾತು ನಿಜ ಅಂತ ಮೈಕಿನಲ್ಲಿ ಎಲ್ಲರೂ ಕೇಳಬೇಕು.

"ಮೇಷ್ಟ್ರೆ," ಎಂದರು ಭಾಸ್ಕರಣ್ಣ ಮೆಲ್ಲಗೆ, "ಇದು ಬೇಡ. ಠರಾವಿನ ಕೆಳಗೆ ಸಹಿ ಯಾರದ್ದುಂಟು? ನನ್ನದಲ್ಲ, ನಿಮ್ಮದು. ಪೊಲೀಸರು ಮೊದಲು ಬರುದು ಈ ಬಾಗಿಲಿಗೆ. ಮಗಳಿದ್ದಾಳೆ, ನೌಕರಿ ಉಂಟು. ಸತ್ತವರು ವಾಪಸು ಬರ್ತಾರಾ?"

"ಜನಕ್ಕೆ ಗೊತ್ತಲ್ಲ, ಭಾಸ್ಕರಣ್ಣ."

"ಗೊತ್ತಿದ್ದವರೆಲ್ಲ ಕೈ ಎತ್ತಿದವರೇ ಅಲ್ವಾ?"

ಒಳಗಿನಿಂದ ಅಮ್ಮ, "ರೀ, ಅವರು ಹೇಳಿದ ಹಾಗೆ ಮಾಡ್ಬಿಡಿ" ಎಂದಳು. ಅಪ್ಪ ಪೆನ್ನು ಎತ್ತಿ ಆ ಮೂರು ವಾಕ್ಯಗಳನ್ನು ಹೊಡೆದುಹಾಕಿದರು. ಅವುಗಳ ಜಾಗದಲ್ಲಿ ಬರೆದದ್ದು ನನಗೆ ಬಾಯಿಪಾಠ: 'ಯಾರೂ ಊಹಿಸಲಾರದ ಈ ಆಕಸ್ಮಿಕಕ್ಕೆ ಯಾರನ್ನೂ ದೂರುವಂತಿಲ್ಲ. ದೈವೇಚ್ಛೆ.' ಕೆಳಗೆ ಕೈ ಅಭ್ಯಾಸಬಲದಿಂದ ಓಡಿತು: 'ಅಧ್ಯಕ್ಷರು, ಸಮಸ್ತ ನಿವಾಸಿಗಳ ಪರವಾಗಿ.' ಮೊಹರು ಬಿತ್ತು. ಆ ಸಾಲು ಯಾಕೆ ಅಂತ ಅಲ್ಲಿ ಯಾರೂ ಯೋಚಿಸಲಿಲ್ಲ.

ಹಲಗೆಯ ಮೇಲೆ ಅದನ್ನೆಲ್ಲ ಬರೆದವಳು ನಾನು. ಪಮ್ಮಿ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಕೊನೆಯ ಸಾಲುಗಳಿಗೆ ಬಂದಾಗ, "ಅಮ್ಮನದ್ದು ಎಲ್ಲಿ?" ಎಂದಳು. "ಅಪ್ಪ ಕೊಟ್ಟಿದ್ದು ಇಷ್ಟೇ ಕಣೇ" ಎಂದೆ. ಬರೆಯುವುದನ್ನು ನಾನು ನಿಲ್ಲಿಸಲಿಲ್ಲ. ಸಂಜೆ ಭಾಸ್ಕರಣ್ಣ ಮೈಕಿನಲ್ಲಿ ಓದಿದರು. ಗುಲಾಬಕ್ಕನ ಹೆಸರು ಬಂದಾಗ ಅವರು ನಿಜವಾಗಿಯೂ ಅತ್ತರು. ಅಂಗಳವಿಡೀ ಅತ್ತಿತು. ಹದಿಮೂರು ದಿನ ಹೋಟೆಲಿನಿಂದ ಎಲ್ಲರಿಗೂ ಅನ್ನ ಸಾರು ಬಂತು. ಎಷ್ಟು ಒಳ್ಳೆ ಮನುಷ್ಯ ಎಂದು ಜನ ಕೈ ಮುಗಿದರು.

ಎರಡು ತಿಂಗಳಾದ ಮೇಲೆ ವಿಚಾರಣೆಯ ಅಧಿಕಾರಿ ಬಂದು ಸಮಿತಿಯ ಖೋಲಿಯಲ್ಲಿ ಕೂತರು. ಶೀನಣ್ಣ ಪಮ್ಮಿಯನ್ನು ಕರೆದುಕೊಂಡು ಹೋದರು. ಒಬ್ಬಳೇ ಹೋಗಲ್ಲ ಅಂತ ಪಮ್ಮಿ ನನ್ನ ಕೈ ಹಿಡಿದಿದ್ದಳು. ತನ್ನ ಹೆಂಡತಿ ಮೊದಲೇ ಎಚ್ಚರಿಸಿದ್ದಳು ಎಂದು ಶೀನಣ್ಣ ತಮ್ಮ ಹರಕು ಮರಾಠಿಯಲ್ಲಿ ಹೇಳಿದರು. ಅನ್ನ ಕೊಡುವ ಧಣಿ ಎದುರಿಗೇ ಕೂತಿದ್ದಾಗ ಅಷ್ಟು ಹೇಳಿದ್ದೇ ದೊಡ್ಡದು. ಅಧಿಕಾರಿ ಬರಹದಲ್ಲಿ ಏನಾದರೂ ಇದೆಯಾ ಎಂದು ಕೇಳಿದರು. ಇರಲಿಲ್ಲ. ಆಗ ಫೈಲಿನಿಂದ ಸಾವಂತ್ ಕಾಕಾ ಮಾಡಿದ್ದ ಮರಾಠಿ ಪ್ರತಿಯನ್ನು ತೆಗೆದು, ಮೊಹರಿನ ಮೇಲೆ ಬೆರಳಿಟ್ಟರು. ಇದರಲ್ಲಿ ಯಾರೂ ಊಹಿಸಲಾರದ್ದು ಅಂತಿದೆ. ಸಮಸ್ತ ನಿವಾಸಿಗಳು ಹೇಳಿದ್ದಾರೆ ಎಂದರು.

"ನಾನು ಹೇಳ್ಲಿಲ್ಲ ಸಾಹೇಬ್ರೆ" ಎಂದರು ಶೀನಣ್ಣ.

"ನೀವು ಇಲ್ಲಿಯ ನಿವಾಸಿ ಅಲ್ವಾ?"

ಶೀನಣ್ಣ ಅಪ್ಪನ ಕಡೆ ತಿರುಗಿದರು. ಪಮ್ಮಿಯೂ ತಿರುಗಿದಳು. ಒಂದೇ ಒಂದು ಮಾತು ಸಾಕಿತ್ತು. ಅಪ್ಪ ಮೇಜಿನ ಆ ತುದಿಯಲ್ಲಿ ಕೂತು ಸಮಿತಿಯ ಕಡತಕ್ಕೆ ಎಲ್ಲರ ಹೇಳಿಕೆ ಬರೆದುಕೊಳ್ಳುತ್ತಿದ್ದರು. ತಲೆ ಎತ್ತಲಿಲ್ಲ. ಪಮ್ಮಿ ನನ್ನ ಕೈ ಬಿಟ್ಟಳು.

ಆಕಸ್ಮಿಕ ಎಂದು ಷರಾ ಬರೆದು ಫೈಲು ಮುಚ್ಚಿದರು. ಶೀನಣ್ಣ ಬೈಕುಲ್ಲಾದ ಕೆಲಸ ಬಿಟ್ಟು, ಖೋಲಿ ಖಾಲಿ ಮಾಡಿ, ಎಲ್ಲಿಗೆ ಎಂದು ಹೇಳದೆ ಹೋದರು. ಅಪ್ಪ ಆಮೇಲೆ ಯಾರಿಗೂ ಏನನ್ನೂ ಬರೆದುಕೊಡಲಿಲ್ಲ. ಯಾರಾದರೂ ಕೇಳಿದರೆ ಕಣ್ಣು ಮಂಜು ಎನ್ನುತ್ತಿದ್ದರು. ಸುಳ್ಳು. ಪೇಪರನ್ನು ಕನ್ನಡಕವಿಲ್ಲದೆ ಓದುತ್ತಿದ್ದರು. ಅವರನ್ನು ಕ್ಷಮಿಸಲು ಬಹಳ ಪ್ರಯತ್ನಪಟ್ಟಿದ್ದೇನೆ. ನನಗಾಗಿ ಮಾಡಿದರು ಎಂಬುದೇ ಅದಕ್ಕೆ ಅಡ್ಡ ಬರುತ್ತದೆ.

ಚಾಳಿನ ಜಾಗದಲ್ಲಿ ಈಗ ಇಪ್ಪತ್ತೆರಡು ಮಹಡಿಯ ಟವರು. ನಮ್ಮ ಮಕ್ಕಳು ಲಿಫ್ಟಿನಲ್ಲಿ ಕನ್ನಡ ಕೇಳಿದರೆ ನಗುತ್ತಾರೆ, ಹಿಂದಿಯಲ್ಲಿ ಉತ್ತರ ಕೊಡುತ್ತಾರೆ. ಅದನ್ನೆಲ್ಲ ಹೇಗೋ ಸಹಿಸಬಹುದು.

ಹೋದ ತಿಂಗಳು ಬೊರಿವಲಿ ಸ್ಟೇಷನ್ನಿನಲ್ಲಿ ಪಮ್ಮಿ ಸಿಕ್ಕಳು. ಕಣ್ಣು ಥೇಟ್ ಗುಲಾಬಕ್ಕನದೇ. ಓಡಿಹೋಗಿ, "ಪಮ್ಮೀ, ನಾನು ಕಣೇ!" ಎಂದೆ. ಅವಳಿಗೆ ಗುರುತು ಸಿಕ್ಕಿತು. ಸಿಕ್ಕಿತೆಂಬುದನ್ನು ಅವಳ ಮುಖದಲ್ಲೇ ಕಂಡೆ. ಹಳ್ಳಿಮುಕ್ಕಿ ಅಂತ ಬೈದಾಡಿದವರು, ಒಂದೇ ತಟ್ಟೆಯಲ್ಲಿ ತಿಂದವರು ನಾವು. ಅವಳು ಮೆಲ್ಲಗೆ ನಕ್ಕು, ಶುದ್ಧ ಹಿಂದಿಯಲ್ಲಿ, ಹೇಗಿದ್ದೀರಿ ಎಂದು ಬಹುವಚನದಲ್ಲಿ, "ಆಪ್ ಕೈಸೀ ಹೈಂ?" ಎಂದಳು. ಪಕ್ಕದಲ್ಲಿದ್ದ ಮಗಳು ಇವರು ಯಾರು ಎಂದು ಕೇಳಿದಳು.

"ಕೋಯಿ ನಹೀಂ ಬೇಟಾ, ಪೆಹಲೇ ಹಮಾರೀ ಚಾಲ್ ಮೇಂ ರೆಹತೀ ಥೀಂ" ಎಂದಳು, ಯಾರೂ ಅಲ್ಲ, ಹಿಂದೆ ನಮ್ಮ ಚಾಳಿನಲ್ಲಿದ್ದವರು ಅಂತ. ಮಗಳ ಕೈ ಹಿಡಿದು ಲೋಕಲ್ ಹತ್ತಿದಳು.