ತೂಕಕ್ಕೆ ಸಿಗದ ನಾಲ್ಕು ರೊಟ್ಟಿ

ಶಿವದೇವಿ ಮೂವತ್ತೆಂಟನೆಯ ವಯಸ್ಸಿನಲ್ಲಿ ಅಮೀರ್‌ಪೇಟ್‌ನ ಕೋಚಿಂಗ್ ಸೆಂಟರಿಗೆ ಸೇರಿದಾಗ ಪಕ್ಕದಲ್ಲಿ ಕೂತ ಹುಡುಗಿ ಅವಳನ್ನು ಟೀಚರ್ ಎಂದು ತಿಳಿದು ಎದ್ದು ನಿಂತಿದ್ದಳು. ಆ ನಾಚಿಕೆಯನ್ನು ನುಂಗಿಕೊಂಡೇ ಅವಳು ವೆಬ್‌ಸೈಟ್ ಕಟ್ಟುವುದನ್ನು ಕಲಿತಳು. ಸೇಡಂ ಕಡೆಯ ಹೆಣ್ಣುಮಗಳು. ಗಂಡ ಶಿವಶರಣಪ್ಪನಿಗೆ ಬಾಲಾನಗರದ ಕಾರ್ಖಾನೆಯಲ್ಲಿ ನೌಕರಿ. ಮಗಳು ಪಿಂಕಿ ಕಾಲೇಜಿಗೆ ಹೋದ ಮೇಲೆ ಊಟದ ಮೇಜೇ ಶಿವದೇವಿಯ ಆಫೀಸು. ನಾಲ್ಕು ವರ್ಷದಲ್ಲಿ ಸಣ್ಣಪುಟ್ಟ ಆನ್‌ಲೈನ್ ಅಂಗಡಿಗಳನ್ನು ಹನ್ನೊಂದು ಕಟ್ಟಿದಳು. ಒಂದೂ ಕೆಟ್ಟಿರಲಿಲ್ಲ ಎಂದು ಅವಳಿಗೆ ಸ್ವಲ್ಪ ಜಂಬವೂ ಇತ್ತು. ಆ ಜಂಬ ಇಳಿದದ್ದು ಮಲ್ಕಾಜ್‌ಗಿರಿಯಲ್ಲಿ, ಗದಿಗೆಮ್ಮನ ರೊಟ್ಟಿ ಮನೆಯಲ್ಲಿ, ಒಂದು ಶುಕ್ರವಾರ.

ಗದಿಗೆಮ್ಮ ರೈಲ್ವೆ ನೌಕರನ ವಿಧವೆ. ಐದು ಹೆಂಗಸರನ್ನು ಕೂಡಿಸಿಕೊಂಡು ಜೋಳದ ಖಡಕ್ ರೊಟ್ಟಿ ಬಡಿದು ಆನ್‌ಲೈನಿನಲ್ಲಿ ಮಾರುತ್ತಾಳೆ. ಮೊದಲು ಊರು ಯಾವುದೇ ಇರಲಿ, ಕೊರಿಯರಿಗೆ ಒಂದೇ ದರ ಹಾಕುತ್ತಿದ್ದಳು. ಗುವಾಹಟಿಗೆ ಹೋದ ಡಬ್ಬಿಯಲ್ಲಿ ಲಾಭವೆಲ್ಲ ಕೊರಿಯರಿಗೇ ಹೋಗಿ, ಹತ್ತಿರದ ಕಾಚಿಗುಡದ ಗಿರಾಕಿ ಮಾತ್ರ ಇಷ್ಟು ದುಬಾರಿಯೇ ಎಂದು ಬೈಯುತ್ತಿದ್ದ. ಮೇಲೆ ದಿನಕ್ಕೆ ಇಪ್ಪತ್ತು ಫೋನು, ನಮ್ಮ ಪಾರ್ಸಲ್ ಎಲ್ಲಿದೆ ಎಂದು.

ಶಿವದೇವಿ ಬಂದು ಅಂಗಡಿಗೆ ಕೊರಿಯರ್ ಜೋಡಿಸಿದಳು. ಗಿರಾಕಿ ಪಿನ್‌ಕೋಡ್ ಹಾಕಿದ ಕೂಡಲೇ ಅಂಗಡಿಯ ಸರ್ವರು ಮಲ್ಕಾಜ್‌ಗಿರಿಯ ಪಿನ್‌ಕೋಡ್, ಗಿರಾಕಿಯ ಪಿನ್‌ಕೋಡ್, ಡಬ್ಬಿಯ ತೂಕ, ಉದ್ದ ಅಗಲ ಎತ್ತರ ಎಲ್ಲವನ್ನೂ ಹಲವು ಕೊರಿಯರ್‌ಗಳನ್ನು ಒಟ್ಟಿಗೆ ಕೊಡುವ ಒಂದು ಕಂಪನಿಗೆ ಕಳಿಸುತ್ತದೆ. ಅಲ್ಲಿಂದ ದರಗಳು ಬರುತ್ತವೆ, ಅಗ್ಗದ್ದು ಗಿರಾಕಿಗೆ ಕಾಣುತ್ತದೆ. ಹಣ ಕಟ್ಟಿದ ಮೇಲೆ ಪಾರ್ಸಲಿಗೆ ನಂಬರು ಬರುತ್ತದೆ, ಲೇಬಲ್ ಬರುತ್ತದೆ, ಆ ನಂಬರಿನ ಟ್ರ್ಯಾಕಿಂಗ್ ಲಿಂಕು ತಾನಾಗಿ ಗಿರಾಕಿಯ ಫೋನಿಗೆ ಹೋಗುತ್ತದೆ. ಫೋನುಗಳು ನಿಂತವು. ಆರ್ಡರು ಏರಿದವು. ಕೊರಿಯರಿನ ಹಣ ಮಾತ್ರ ಮುಂಚಿತವಾಗಿ ಆ ಕಂಪನಿಯ ವಾಲೆಟ್ಟಿಗೆ ತುಂಬಿಸಿ ಇಡಬೇಕು, ಅಷ್ಟೇ.

ಆ ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಗದಿಗೆಮ್ಮನ ಫೋನು ಬಂತು. ಮೂವತ್ತೊಂದು ಆರ್ಡರು ಕೂತಿವೆ, ಒಂದಕ್ಕೂ ಲೇಬಲ್ ಬರುತ್ತಿಲ್ಲ. ಸೋಮವಾರವಷ್ಟೇ ವಾಲೆಟ್ ತುಂಬಿಸಿದ್ದು, ಈಗ ಅದು ಮೈನಸ್ ತೋರಿಸುತ್ತಿದೆ. ಐದಕ್ಕೆ ಕೊರಿಯರಿನವನು ಬರುತ್ತಾನೆ. ಅದಕ್ಕೂ ಮೊದಲು, ನಾಲ್ಕಕ್ಕೆ, ತಾಯಪ್ಪ ಬರುತ್ತಾನೆ. ಈ ತಾಯಪ್ಪ ತಿಂಡಿ ಸಾಮಾನಿನ ಡೀಲರು, ಆರು ತಿಂಗಳಿಂದ ಗದಿಗೆಮ್ಮನ ಬೆನ್ನು ಬಿದ್ದವನು. ಮಾಡಿದ ರೊಟ್ಟಿಯನ್ನೆಲ್ಲ ಅವನೇ ಒಯ್ಯುತ್ತಾನೆ, ಅವನದೇ ಹೆಸರಿನ ಚೀಟಿ ಅಂಟಿಸಿ ಮಾರುತ್ತಾನೆ, ಅವಳು ಕೂಲಿಯಷ್ಟು ತಗೊಂಡು ಸುಮ್ಮನಿರಬೇಕು.

"ನಿನ್ನ ಮಶೀನು ರೊಕ್ಕ ನುಂಗಾಕತ್ತೈತಿ, ತಂಗಿ. ನಾಲ್ಕರ ಒಳಗ ಕಾರಣ ತಿಳೀಲಿಲ್ಲಂದ್ರ ನಾ ತಾಯಪ್ಪಗ ಹೂಂ ಅಂತೀನಿ," ಎಂದಳು ಗದಿಗೆಮ್ಮ. ಬೆದರಿಕೆಯ ದನಿಯಲ್ಲ ಅದು, ದಣಿದವಳ ದನಿ. ಅದಕ್ಕೇ ಶಿವದೇವಿಗೆ ಹೆಚ್ಚು ಭಯವಾಯಿತು.

ಆಟೋದಲ್ಲಿ ಕೂತೇ ಲ್ಯಾಪ್‌ಟಾಪ್ ತೆರೆದಳು. ಮೊದಲ ಅನುಮಾನ ತನ್ನ ಮೇಲೆಯೇ. ಗ್ರಾಂ ಕಳಿಸುವಲ್ಲಿ ಕಿಲೋ, ಕಿಲೋ ಕಳಿಸುವಲ್ಲಿ ಗ್ರಾಂ ಹೋಗಿಬಿಟ್ಟರೆ ಮನೆ ಮುಳುಗುತ್ತದೆ. ಸರ್ವರಿನ ದಾಖಲೆ ನೋಡಿದಳು. ಇಪ್ಪತ್ತು ರೊಟ್ಟಿ, ಶೇಂಗಾ ಚಟ್ನಿ ಪುಡಿ, ಪೆಟ್ಟಿಗೆ ಎಲ್ಲ ಸೇರಿ ಸೊನ್ನೆ ಪಾಯಿಂಟ್ ಒಂಬತ್ತು ನಾಲ್ಕು ಕಿಲೋ. ಸರಿಯಾಗಿಯೇ ಹೋಗಿತ್ತು. ಪೆಟ್ಟಿಗೆಯ ಉದ್ದ ಅಗಲ ಎತ್ತರದಿಂದ ಕೊರಿಯರಿನವರು ಲೆಕ್ಕ ಹಾಕುವ ತೂಕ ಸರಿಯಾಗಿ ಒಂದು ಕಿಲೋ, ಅದೂ ಒಂದು ಕಿಲೋದ ದರದೊಳಗೇ. ಅವಳು ಬರೆದ ಕೋಡು ತಪ್ಪು ಮಾಡಿರಲಿಲ್ಲ.

ಆಮೇಲೆ ವಾಲೆಟ್ಟಿನ ಪುಟ ತೆರೆದಳು. ಸಾಲಾಗಿ ಕಡಿತಗಳು, ಎಲ್ಲಕ್ಕೂ ಒಂದೇ ಕಾರಣ: ತೂಕದಲ್ಲಿ ವ್ಯತ್ಯಾಸ. ಕೊರಿಯರಿನ ಗೋದಾಮಿನಲ್ಲಿ ಡಬ್ಬಿಗಳನ್ನು ಮತ್ತೆ ತೂಗಿದ್ದಾರೆ, ಒಂದು ಕಿಲೋ ನೂರಾ ಮೂವತ್ತು, ನೂರಾ ನಲವತ್ತು ಗ್ರಾಂ ಎಂದು ಬರೆದಿದ್ದಾರೆ. ಒಂದು ಕಿಲೋ ದಾಟಿದರೆ ಒಂದೂವರೆ ಕಿಲೋದ ದರ. ಒಪ್ಪಿಗೆ ಇಲ್ಲದಿದ್ದರೆ ಏಳು ದಿನದೊಳಗೆ ತಕರಾರು ಹಾಕಬೇಕು, ಸುಮ್ಮನಿದ್ದರೆ ಒಪ್ಪಿದ ಹಾಗೆ, ಹಣ ಹೋಗುತ್ತದೆ. ನಲವತ್ಮೂರು ಡಬ್ಬಿಗಳಲ್ಲಿ ಹದಿನೇಳರ ಗಡುವು ಆಗಲೇ ಮುಗಿದಿತ್ತು. ಉಳಿದ ಇಪ್ಪತ್ತಾರರದು ಇವತ್ತೇ ಕೊನೆ.

ಪ್ರತಿಯೊಂದಕ್ಕೂ ಇಮೇಲ್ ಕಳಿಸಿದ್ದೇವೆ ಎಂದು ಕೆಳಗೆ ಬರೆದಿತ್ತು. ಯಾರಿಗೆ ಎಂದು ನೋಡಿದಳು. ಅವಳಿಗೇ. ಜೋಡಣೆಯ ಪರೀಕ್ಷೆಗೆಂದು ಆ ಕಂಪನಿಯಲ್ಲಿ ಖಾತೆ ತೆರೆದಾಗ ತನ್ನ ಇಮೇಲ್ ಕೊಟ್ಟಿದ್ದಳು. ಪರೀಕ್ಷೆಯ ಕಾಲದಲ್ಲಿ ಕಾಗದಗಳು ರಾಶಿ ಬೀಳುತ್ತವೆಂದು ಅವನ್ನೆಲ್ಲ ಬೇರೆ ಫೋಲ್ಡರಿಗೆ ತಾನಾಗಿ ಸರಿಯುವಂತೆ ಮಾಡಿ ಮರೆತೂಬಿಟ್ಟಿದ್ದಳು. ಹನ್ನೊಂದು ಅಂಗಡಿ ಕಟ್ಟಿದ ಜಾಣೆ!

ಗದಿಗೆಮ್ಮನ ಮನೆ ಮುಟ್ಟುವಷ್ಟರಲ್ಲಿ ಮೂರು ಗಂಟೆ. ಒಳಗೆ ಹೆಂಗಸರೆಲ್ಲ ಕೊರಿಯರಿನವರ ಜನ್ಮ ಜಾಲಾಡುತ್ತಿದ್ದರು. ಅವರ ತಕ್ಕಡಿಯೇ ಸುಳ್ಳು ಎಂಬುದು ಎಲ್ಲರ ತೀರ್ಪು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆದರೆ ಆ ಹೊತ್ತಿಗೆ ಶಿವದೇವಿಯೂ ಅದನ್ನೇ ನಂಬಲು ಹಾತೊರೆಯುತ್ತಿದ್ದಳು. ನಂಬಲು ಪುರಾವೆಯೂ ಇತ್ತು. ಅವಳೇ ಕಲಿಸಿದಂತೆ ಪ್ರತಿ ಡಬ್ಬಿಯನ್ನೂ ತಕ್ಕಡಿಯ ಮೇಲಿಟ್ಟು ಫೋಟೊ ತೆಗೆದಿದ್ದರು. ನಲವತ್ಮೂರು ಫೋಟೊ, ಎಲ್ಲದರಲ್ಲೂ ಒಂಬೈನೂರಾ ನಲವತ್ತರ ಆಸುಪಾಸು. ತಕರಾರಿಗೆ ಇದಕ್ಕಿಂತ ಇನ್ನೇನು ಬೇಕು?

ಇಪ್ಪತ್ತಾರು ಫೋಟೊಗಳನ್ನು ಆರಿಸಿ ಏರಿಸಲು ಸಿದ್ಧಮಾಡಿದಳು. ಬಟನ್ ಒತ್ತುವ ಮುಂಚೆ ತಲೆಯೆತ್ತಿದ್ದು ಬೆನ್ನು ನೋಯುತ್ತಿತ್ತೆಂದು, ಅಷ್ಟೇ. ಎದುರಿಗೆ ಗದಿಗೆಮ್ಮ ಇವತ್ತಿನ ಡಬ್ಬಿಗಳನ್ನು ಕಟ್ಟುತ್ತಿದ್ದಳು. ತೂಗಿ, ಫೋಟೊ ತೆಗೆದು ಕೆಳಗಿಳಿಸಿದ ಡಬ್ಬಿಗೆ ಟೇಪು ಹಚ್ಚುವ ಮುಂಚೆ ಬುಟ್ಟಿಗೆ ಕೈ ಹಾಕಿ ನಾಲ್ಕು ರೊಟ್ಟಿ ಎತ್ತಿದಳು, ಮೇಲೊಂದು ಅಗಸಿ ಚಟ್ನಿಯ ಪೊಟ್ಟಣ. ಒಳಗಿಟ್ಟು ಮುಚ್ಚಿ ಟೇಪೆಳೆದಳು. ಮುಂದಿನದಕ್ಕೂ ನಾಲ್ಕು, ಮೇಲೊಂದು ಪೊಟ್ಟಣ.

ಶಿವದೇವಿ ಎದ್ದು ಹೋಗಿ ಮುಚ್ಚಿದ ಡಬ್ಬಿಯನ್ನು ತಕ್ಕಡಿಗಿಟ್ಟಳು. ಒಂದು ಕಿಲೋ ನೂರಾ ಮೂವತ್ತು.

"ಅಮ್ಮಾರ, ಇದೇನ್ರಿ?"

"ಕೊಸರು," ಎಂದಳು ಗದಿಗೆಮ್ಮ, ಇದೇನು ಕೇಳುವ ಪ್ರಶ್ನೆಯೇ ಎಂಬಂತೆ. "ತೂಗಿದ್ದು ತೂಗಿದ್ದ, ಕೊಸರು ಕೊಸರ. ಕೊಸರನ್ಯಾರ ತೂಗತಾರೇನು?"

ತರಕಾರಿಯವಳು ತೂಕದ ಮೇಲೆ ಹಿಡಿ ಕೊತ್ತಂಬರಿ ಹಾಕುತ್ತಾಳಲ್ಲ, ಹಾಲಿನವನು ಅಳತೆ ಮುಗಿದ ಮೇಲೆ ತುಸು ಸುರಿಯುತ್ತಾನಲ್ಲ, ಅದೇ ಕೊಸರು. ಶಿವದೇವಿ ಹುಟ್ಟಿ ಬೆಳೆದದ್ದೇ ಅದನ್ನು ನೋಡುತ್ತ. ಆದರೂ ಅವಳ ಕೋಡಿನಲ್ಲಿ ಅದಕ್ಕೆ ಜಾಗವಿರಲಿಲ್ಲ, ಕೇಳಬೇಕೆಂದು ಹೊಳೆದಿರಲೂ ಇಲ್ಲ.

ಮೂರೂ ಇಪ್ಪತ್ತು. ಲ್ಯಾಪ್‌ಟಾಪಿನಲ್ಲಿ ಇಪ್ಪತ್ತಾರು ಫೋಟೊಗಳು ಕಾದಿದ್ದವು. ಒತ್ತಿದರೆ ಬಹುಶಃ ಗೆಲ್ಲುತ್ತಿದ್ದಳು, ಹಣ ಬರುತ್ತಿತ್ತು, ಅಂಗಡಿ ಉಳಿಯುತ್ತಿತ್ತು, ಇಮೇಲಿನ ಮಾತು ಎತ್ತುವ ಅಗತ್ಯವೇ ಬೀಳುತ್ತಿರಲಿಲ್ಲ. ಫೋಟೊಗಳೇನೂ ಸುಳ್ಳಲ್ಲ ಎಂದು ಒಂದು ಕ್ಷಣ ತನಗೇ ಹೇಳಿಕೊಂಡಳು. ಆದರೆ ಅಲ್ಲಿ ಯಾವನೋ ತೂಗುವವನು ಸರಿಯಾಗಿ ತೂಗಿದ್ದಾನೆ, ಇಲ್ಲಿ ತಾನು ಅವನನ್ನು ಕಳ್ಳನನ್ನಾಗಿ ಮಾಡಬೇಕು. ಯಾರೂ ಏನೂ ಅನ್ನದಿದ್ದರೂ ಕುಂಬಳಕಾಯಿ ಕಳ್ಳನ ಹಾಗೆ ಅವಳ ಕೈ ಹೆಗಲಿಗೆ ಹೋಗುತ್ತಿತ್ತು.

ಫೋಟೊಗಳನ್ನು ಅಳಿಸಿ ಎಲ್ಲವನ್ನೂ ಹೇಳಿದಳು. ಗೋದಾಮಿನ ತೂಕ ಸರಿ ಇದೆ ಎಂದಳು. ಎಚ್ಚರಿಕೆಯ ಕಾಗದಗಳೆಲ್ಲ ತನಗೇ ಬಂದಿದ್ದವು, ಮೊದಲನೆಯದನ್ನು ಓದಿದ್ದರೆ ಇಷ್ಟು ಹೋಗುತ್ತಿರಲಿಲ್ಲ, ತಪ್ಪು ತನ್ನದು ಎಂದಳು. ಹೆಂಗಸರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು.

ಗದಿಗೆಮ್ಮ ಕಟ್ಟುತ್ತಿದ್ದ ಡಬ್ಬಿಯನ್ನು ಪಕ್ಕಕ್ಕಿಟ್ಟಳು. ಮುಂದೇನು ಮಾಡಬೇಕು ಎಂದಷ್ಟೇ ಕೇಳಿದಳು.

ಕೊಸರು ನಿಲ್ಲಿಸಬಹುದು ಎಂದಳು ಶಿವದೇವಿ. ಇಲ್ಲವೇ ಹದಿನಾರು ರೊಟ್ಟಿ ಮಾರಿ ನಾಲ್ಕನ್ನು ಕೊಸರೆನ್ನಬಹುದು. ಅದೂ ಬೇಡವೆಂದರೆ ಕೊಸರಿನ ತೂಕವನ್ನೂ ಸೇರಿಸಿ ಗಿರಾಕಿಯಿಂದಲೇ ಹೆಚ್ಚಿನ ದರ ತೆಗೆದುಕೊಳ್ಳಬಹುದು.

"ಕೊಸರಿಗೆ ಬಾಡಿಗಿ ಇಸಗೊಂಡ್ರ ಅದು ಕೊಸರು ಹ್ಯಾಂಗ ಆದೀತು?" ಗದಿಗೆಮ್ಮನ ದನಿ ಮೊದಲ ಸಲ ಗಟ್ಟಿಯಾಯಿತು. "ಬಾಗಲಿಗೆ ಬಂದೋರು ನನ್ನ ಮಾರಿ ನೋಡತಾರ, ಮಾತಾಡತಾರ. ಎಲ್ಲೋ ಕುಂತು ಬಟನ್ ಒತ್ತೋರು ನನ್ನ ಯಾತರಾಗ ಗುರುತು ಹಿಡೀಬೇಕು? ಆ ನಾಕ ರೊಟ್ಟ್ಯಾಗ. ಅದನ್ನ ಬಿಟ್ಟು ಉಳೀಬೇಕಂದ್ರ ತಾಯಪ್ಪನ ಚೀಟೀನ ಅಂಟಿಸ್ತೀನಿ, ತಗೋ."

ಶಿವದೇವಿ ಲ್ಯಾಪ್‌ಟಾಪನ್ನು ಮತ್ತೆ ತನ್ನ ಕಡೆಗೆ ಎಳೆದುಕೊಂಡಳು. ಹೊಳೆದದ್ದು ಉತ್ತರವಲ್ಲ, ಕೆಲಸ. ದರ ಕೇಳುವುದು ಒಂದು ಕಡೆ, ಪಾರ್ಸಲ್ ಬುಕ್ ಮಾಡುವುದು ಇನ್ನೊಂದು ಕಡೆ. ಎರಡಕ್ಕೂ ಒಂದೇ ತೂಕ ಹೋಗಬೇಕೆಂದು ಯಾರು ಹೇಳಿದರು? ಗಿರಾಕಿಗೆ ದರ ತೋರಿಸುವಾಗ ಕೊಂಡ ಮಾಲಿನ ತೂಕ ಸಾಕು. ಕೊರಿಯರಿಗೆ ಬುಕ್ ಮಾಡುವಾಗ ಕೊಸರೂ ಸೇರಿದ ನಿಜವಾದ ತೂಕ. ನಡುವಿನ ವ್ಯತ್ಯಾಸ ಮನೆಯ ಮೇಲೆ. ಅದು ಡಬ್ಬಿಗೆ ಎಷ್ಟು ಬೀಳುತ್ತದೆ, ತಿಂಗಳಿಗೆ ಎಷ್ಟಾಗುತ್ತದೆ ಎಂದು ಮುಚ್ಚಿಡದೆ ತೋರಿಸಿದಳು. ಗದಿಗೆಮ್ಮ ಅಂಕಿಯನ್ನು ನೋಡಿದಳು, ಬುಟ್ಟಿಯನ್ನು ನೋಡಿದಳು.

"ಹಾಕು," ಎಂದಳು.

ಮೂರೂ ನಲವತ್ತು. ಅಂಗಡಿಯ ಸೆಟ್ಟಿಂಗಿನಲ್ಲಿ ಶಿವದೇವಿ ಒಂದು ಹೊಸ ಸಾಲು ಸೇರಿಸಿದಳು, ಅದರ ಹೆಸರು ಕೊಸರು, ಇನ್ನೂರು ಗ್ರಾಂ. ಬುಕಿಂಗಿಗೆ ಹೋಗುವ ತೂಕಕ್ಕೆ ಅದನ್ನು ಕೂಡಿಸಿದಳು, ದರ ಕೇಳುವ ಕಡೆ ಮುಟ್ಟಲಿಲ್ಲ. ರಾಯಚೂರಿನ ಪಿನ್‌ಕೋಡ್ ಹಾಕಿ ನೋಡಿದಳು, ಗಿರಾಕಿಗೆ ಹಳೆಯ ದರವೇ ಬಂತು. ಇಪ್ಪತ್ತಾರೂ ಕಡಿತಗಳ ಎದುರು ಒಪ್ಪಿಗೆ ಎಂದು ಒಂದೊಂದಾಗಿ ಒತ್ತಿದಳು. ಗದಿಗೆಮ್ಮ ಮುಂದಿನ ತಿಂಗಳ ಜೋಳಕ್ಕೆಂದು ಇಟ್ಟ ಹಣವನ್ನು ವಾಲೆಟ್ಟಿಗೆ ತುಂಬಿಸಿದಳು. ಮೊದಲ ಲೇಬಲಿಗೆ ಒತ್ತಿದಾಗ ಪರದೆಯ ಮೇಲೆ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ನಂಬರು ಬಂತು. ಪ್ರಿಂಟರು ಕರಕರ ಎಂದಿತು.

ತಾಯಪ್ಪ ಬಂದಾಗ ಹನ್ನೆರಡನೆಯ ಲೇಬಲ್ ಅಂಟುತ್ತಿತ್ತು. ಕೈಯಲ್ಲಿ ಕರಾರು ಪತ್ರ, ಮುಖದಲ್ಲಿ ಗೆದ್ದವನ ನಗು. ವಿಷಯ ಕೇಳಿ, ದಾನ ಮಾಡಿ ದಂಡ ಕಟ್ಟುವವರನ್ನು ಇವತ್ತೇ ನೋಡಿದ್ದು ಎಂದ. ಗದಿಗೆಮ್ಮ ಅವನಿಗೆ ಚಹಾ ಕೊಡಿಸಿದಳು, ಸಹಿ ಕೊಡಲಿಲ್ಲ.

ಐದಕ್ಕೆ ಕೊರಿಯರಿನವನು ಬಂದು ಮೂವತ್ತೊಂದು ಡಬ್ಬಿಗಳನ್ನು ಸ್ಕ್ಯಾನ್ ಮಾಡಿ ಒಯ್ದ. ಮೂವತ್ತೊಂದು ಮನೆಗಳಿಗೆ ಟ್ರ್ಯಾಕಿಂಗ್ ಲಿಂಕು ಹೋಯಿತು. ಶಿವದೇವಿ ಲ್ಯಾಪ್‌ಟಾಪ್ ಮುಚ್ಚಲು ಹೋದಾಗ ಗದಿಗೆಮ್ಮ ತಡೆದಳು.

"ಇನ್ನೊಂದ್ ಕೆಲಸ ಐತಿ. ಆ ಖಾತೇದಾಗ ನಿನ್ನ ಹೆಸರು ತಗಿ. ಕಾಗದ ನನ್ನ ಫೋನಿಗೆ ಬರಲಿ."

"ಅವು ಇಂಗ್ಲಿಷ್‌ನಾಗ ಇರ್ತಾವ್ರಿ, ಅಮ್ಮಾರ."

"ಇರಲಿ. ಓದಾಕ ಬರಲಿಲ್ಲಂದ್ರ ಓದೋರನ್ನ ಕೇಳ್ತೀನಿ, ನಿನ್ನೇ ಕೇಳ್ತೀನಿ. ಖರೇ ಹೇಳಿದಿ ಅಂತ ನಿನ್ನ ಬಿಡಂಗಿಲ್ಲ. ಆದ್ರ ನನ್ನ ಅಂಗಡಿ ಸುದ್ದಿ ಮೊದಲ ನನಗ ಮುಟ್ಟಬೇಕು."

ನ್ಯಾಯವಾದ ಮಾತು. ಆದರೂ ಚುಚ್ಚಿತು. ಶಿವದೇವಿ ಸೆಟ್ಟಿಂಗ್ ತೆರೆದು ತನ್ನ ಇಮೇಲನ್ನು ಒಂದೊಂದೇ ಅಕ್ಷರ ಅಳಿಸಿದಳು, ಗದಿಗೆಮ್ಮನದನ್ನು ಕೇಳಿ ಕೇಳಿ ಬರೆದಳು. ಖಾತ್ರಿಗೆಂದು ಕಂಪನಿಯವರು ಕಳಿಸಿದ ಆರು ಅಂಕಿ ಗದಿಗೆಮ್ಮನ ಫೋನಿಗೆ ಬಂದವು. ಶಿವದೇವಿ ನೋಡಲು ಬಾಗಿದಳು. ಗದಿಗೆಮ್ಮ ಫೋನನ್ನು ತನ್ನ ಕಡೆಗೇ ಹಿಡಿದುಕೊಂಡು, ಹಿಟ್ಟು ಮೆತ್ತಿದ ಬೆರಳನ್ನು ಪ್ರತಿ ಅಂಕಿಯ ಕೆಳಗೂ ಇಟ್ಟು, ತಾನೇ ಓದಿ ಹೇಳಿದಳು.